ವಿಜ್ಞಾನ ಮೇಳದ ಬಜೆಟ್: ಲೆಕ್ಕ ಮಾದರಿಗಳಿಂದ ಶುರುವಾಗಲಿ

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡು ಲೆಕ್ಕಗಳಿರುತ್ತವೆ. ಒಂದು, ಶಾಲೆಯ ಪುಸ್ತಕದಲ್ಲಿ ಬರೆದಿಟ್ಟದ್ದು. ಶಾಮಿಯಾನ, ಬ್ಯಾನರ್, ಮೈಕ್‌ಸೆಟ್, ಅತಿಥಿಗಳಿಗೆ ಹಾರ ಶಾಲು, ಬಹುಮಾನದ ಕಪ್ಪು, ಚಹಾ ತಿಂಡಿ ಎಲ್ಲವೂ ಅದರಲ್ಲಿ ಸಿಗುತ್ತವೆ. ಇನ್ನೊಂದನ್ನು ಯಾರೂ ಬರೆಯುವುದಿಲ್ಲ. ಮಾದರಿ ಮಾಡಲು ಬೇಕಾದ ಮೋಟಾರು, ಬಣ್ಣ, ರಟ್ಟು, ಬಲ್ಬುಗಳಿಗೆ ಮಕ್ಕಳ ಮನೆಯವರು ಕೊಡುವ ದುಡ್ಡು ಈ ಲೆಕ್ಕದ್ದು. ಪ್ರದರ್ಶನದಲ್ಲಿ ವಿಜ್ಞಾನ ಎಂಬುದು ಇರುವುದೇ ಈ ಮಾದರಿಗಳಲ್ಲಿ. ಆದರೆ ಹೆಚ್ಚಿನ ಬಜೆಟ್‌ಗಳಲ್ಲಿ ಅವುಗಳಿಗೆ ಒಂದು ಸಾಲಿನ ಜಾಗವೂ ಇರುವುದಿಲ್ಲ.

ಇದರ ಪರಿಣಾಮ ಪ್ರದರ್ಶನದ ದಿನ ಕಣ್ಣಿಗೆ ಬೀಳುತ್ತದೆ. ಕೈಯಲ್ಲಿ ಕಾಸಿರುವ ಮನೆಯ ಮಗು ಪೇಟೆಯ ಸ್ಟೇಷನರಿ ಅಂಗಡಿಯಿಂದ ತಂದ ಸಿದ್ಧ ಮಾದರಿಯ ಮುಂದೆ ನಿಂತಿರುತ್ತದೆ. ಕೂಲಿಗೆ ಹೋಗುವವರ ಮಗು ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿರುತ್ತದೆ, ಇಲ್ಲವೇ ನೋಡುವವರ ಸಾಲಿನಲ್ಲಿರುತ್ತದೆ. ಯಾರಿಗೆ ಪ್ರಶ್ನೆ ಕೇಳುವ ಬುದ್ಧಿಯಿದೆ ಎನ್ನುವುದಕ್ಕಿಂತ ಯಾರ ಮನೆಯಲ್ಲಿ ಎಷ್ಟು ದುಡ್ಡಿದೆ ಎನ್ನುವುದೇ ಅಲ್ಲಿ ತೀರ್ಮಾನ ಮಾಡುತ್ತದೆ. ಇದನ್ನು ಸರಿಪಡಿಸಲು ಭಾಷಣ ಬೇಡ. ಬಜೆಟ್ಟನ್ನು ಬೇರೆ ತುದಿಯಿಂದ ಬರೆಯಲು ಶುರುಮಾಡಿದರೆ ಸಾಕು: ಮೊದಲು ಮಾದರಿಗಳು, ಆಮೇಲೆ ಅವುಗಳಿಗೆ ಬೇಕಾದ ಜಾಗ, ಕರೆಂಟು, ಜನ, ಉಳಿದ ದುಡ್ಡಿನಲ್ಲಿ ಮಿಕ್ಕ ಏರ್ಪಾಡು.

ಹೇಗೆ ಎಂದು ನೋಡಲು ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಹೋಬಳಿ ಮಟ್ಟದ ಊರಿನ ಸರ್ಕಾರಿ ಪ್ರೌಢಶಾಲೆ. 8ರಿಂದ 10ನೇ ತರಗತಿಯವರೆಗೆ 240 ಮಕ್ಕಳು. ಇಬ್ಬರು ವಿಜ್ಞಾನ ಶಿಕ್ಷಕರು, ಒಬ್ಬರು ಗಣಿತದವರು. ಪ್ರದರ್ಶನಕ್ಕೆ ಒಟ್ಟು ₹24,000 ಒದಗಿಸಬಹುದು ಎಂದು ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ ಅಂದಾಜು ಮಾಡಿದ್ದಾರೆ. ಮುಂದೆ ಬರುವ ದರಗಳು ಊರಿನಿಂದ ಊರಿಗೆ ಬದಲಾಗುತ್ತವೆ. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ.

ಎಷ್ಟು ಮಾದರಿ, ಎಷ್ಟು ಜನ

ಮೊದಲು ತೀರ್ಮಾನವಾಗಬೇಕಾದ ಸಂಖ್ಯೆ ಮಾದರಿಗಳದ್ದು. ಹೆಚ್ಚು ಮಾದರಿ ಇದ್ದಷ್ಟೂ ಪ್ರದರ್ಶನ ದೊಡ್ಡದು ಎಂಬ ಆಸೆ ಸಹಜ. ಆದರೆ ಇಬ್ಬರು ವಿಜ್ಞಾನ ಶಿಕ್ಷಕರು ಪಾಠದ ನಡುವೆ ಕೂತು ತಿದ್ದಿ, ಪರೀಕ್ಷಿಸಿ, ಕೆಲಸ ಮಾಡುವ ಹಾಗೆ ನಿಲ್ಲಿಸಬಹುದಾದ ಮಾದರಿಗಳು ತಲೆಗೆ ಹತ್ತು ಹನ್ನೆರಡು. ಹಾಗಾಗಿ 24 ಎಂದು ಇಟ್ಟುಕೊಳ್ಳೋಣ. ಒಂದು ಮಾದರಿಗೆ ಮೂವರು ಮಕ್ಕಳಂತೆ 72 ಮಕ್ಕಳು.

ಈಗ ಬಂದವರಿಗೆಲ್ಲ ನೋಡಲು ಸಾಧ್ಯವೇ ಎಂಬ ಲೆಕ್ಕ. ಒಂದು ಮಾದರಿಯ ಮುಂದೆ ಆರು ಜನ ನಿಂತರೆ ಎಲ್ಲರಿಗೂ ಕಾಣುತ್ತದೆ. ಮೂರು ನಿಮಿಷ ವಿವರಣೆ, ಒಂದು ನಿಮಿಷ ಮುಂದಿನದಕ್ಕೆ ಸರಿಯಲು ಎಂದರೆ ನಾಲ್ಕು ನಿಮಿಷ. 24 ಮಾದರಿಗಳ ಒಂದು ಸುತ್ತಿಗೆ 96 ನಿಮಿಷ ಬೇಕು. ಒಂದು ಸುತ್ತಿನಲ್ಲಿ ಏಕಕಾಲಕ್ಕೆ 144 ಜನ ಇರುತ್ತಾರೆ. ಬೆಳಗ್ಗೆ 10ರಿಂದ 1, ಊಟದ ನಂತರ 2ರಿಂದ 4, ಒಟ್ಟು ಐದು ಗಂಟೆ. ಅಂದರೆ ಮೂರು ಸುತ್ತು, ಸುಮಾರು 430 ಜನ. ಶಾಲೆಯ ಉಳಿದ 168 ಮಕ್ಕಳು, ಪಕ್ಕದ ಪ್ರಾಥಮಿಕ ಶಾಲೆಗಳಿಂದ 150 ಮಕ್ಕಳು, ಪೋಷಕರು ನೂರು ಜನ ಬಂದರೆ ಅಲ್ಲಿಗೆ ತುಂಬಿತು. ಇನ್ನೂ ಎರಡು ಶಾಲೆಗೆ ಆಹ್ವಾನ ಕೊಟ್ಟರೆ ಏನಾಗುತ್ತದೆ ಎಂದು ಕಾಗದದ ಮೇಲೆಯೇ ಗೊತ್ತಾಗುತ್ತದೆ: ಮಕ್ಕಳು ಸಾಲಾಗಿ ಕೋಣೆಯೊಳಗೆ ಹೋಗಿ ಏನನ್ನೂ ಕೇಳಿಸಿಕೊಳ್ಳದೆ ಹೊರಬರುತ್ತಾರೆ. ಆಹ್ವಾನ ಹೆಚ್ಚಿಸಲೇಬೇಕೆಂದರೆ ಪ್ರದರ್ಶನವನ್ನು ಎರಡು ದಿನ ಇಡಬೇಕು.

ಇದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಅಡಗಿದೆ. ಐದು ಗಂಟೆಯಲ್ಲಿ ನಾಲ್ಕು ನಿಮಿಷಕ್ಕೊಂದು ಗುಂಪು ಬಂದರೆ ಒಂದೇ ಮಾತನ್ನು 75 ಸಲ ಹೇಳಬೇಕಾಗುತ್ತದೆ. ಒಬ್ಬರೇ ಹೇಳಿದರೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿ, ವಿವರಣೆ ಬಾಯಿಪಾಠವಾಗಿಬಿಡುತ್ತದೆ. ಅದಕ್ಕೇ ಮೂವರು. ಇಬ್ಬರು ಮಾದರಿಯ ಹತ್ತಿರ ಇರುವಾಗ ಒಬ್ಬರಿಗೆ ಬಿಡುವು. ಆ ಬಿಡುವಿನಲ್ಲಿ ಉಳಿದ 23 ಮಾದರಿಗಳನ್ನು ನೋಡಿ ಬರಬೇಕು. ಗಂಟೆಗೊಮ್ಮೆ ಪಾಳಿ ಬದಲಾಗುವ ಪಟ್ಟಿಯನ್ನು ಮೊದಲೇ ಬರೆದು ಕೋಣೆಯ ಬಾಗಿಲಿಗೆ ಅಂಟಿಸದಿದ್ದರೆ ಮಾದರಿ ಮಾಡಿದ ಮಗುವಿಗೆ ಬೇರೆ ಯಾವ ಮಾದರಿಯನ್ನೂ ನೋಡಲಾಗುವುದಿಲ್ಲ.

ಜಾಗಕ್ಕೆ ನಾಲ್ಕು ತರಗತಿ ಕೋಣೆಗಳು ಸಾಕು, ಕೋಣೆಗೆ ಆರು ಮಾದರಿ. ಬಾಗಿಲಿರುವ ಗೋಡೆ ಬಿಟ್ಟು ಮೂರು ಗೋಡೆಗಳಿಗೆ ಎರಡೆರಡು ಇಟ್ಟು, ನಡುವೆ ಖಾಲಿ ಬಿಡಬೇಕು. ಎರಡು ಡೆಸ್ಕುಗಳನ್ನು ಜೋಡಿಸಿ ಹಳೆಯ ಬೆಡ್‌ಶೀಟ್ ಹಾಸಿದರೆ ಮೇಜು ಸಿದ್ಧ. 24 ಮಾದರಿಗೆ 48 ಡೆಸ್ಕು. ಮೂವರಿಗೊಂದರಂತೆ ಈ ಶಾಲೆಯಲ್ಲಿ 80 ಡೆಸ್ಕುಗಳಿರುವುದರಿಂದ ಮೇಜಿನ ಬಾಡಿಗೆ ಬೇಕಿಲ್ಲ. ಪ್ರದರ್ಶನ ಕೋಣೆಯೊಳಗೇ ನಡೆದರೆ ದೊಡ್ಡ ಶಾಮಿಯಾನವೂ ಬೇಡ. ಸಾಲಿನಲ್ಲಿ ಕಾಯುವವರಿಗೆ ನೆರಳಾಗುವಷ್ಟು ಒಂದು ಸಣ್ಣದು ಸಾಕು.

ಇದೆ, ಎರವಲು, ಕೊಳ್ಳಬೇಕು

ಮಾದರಿಗಳು ಗೊತ್ತಾದ ಮೇಲೆ ಪ್ರತಿ ಗುಂಪೂ ಒಂದು ಹಾಳೆ ತುಂಬಬೇಕು. ಅದರಲ್ಲಿ ನಾಲ್ಕು ಕಾಲಂ. ಶಾಲೆಯಲ್ಲಿ ಅಥವಾ ಮನೆಯಲ್ಲಿ ಇರುವುದು, ಎರವಲು ತರುವುದು, ಕೊಳ್ಳುವುದು, ಪ್ರದರ್ಶನ ಮುಗಿದ ಮೇಲೆ ಆ ವಸ್ತು ಎಲ್ಲಿಗೆ ಹೋಗಬೇಕು ಎಂಬುದು. ಕೊಳ್ಳುವ ಕಾಲಂಗೆ ಒಂದು ಮಿತಿ ಇರಬೇಕು, ಆ ಮಿತಿಯೊಳಗಿನ ಪೂರ್ತಿ ದುಡ್ಡನ್ನು ಶಾಲೆಯೇ ಕೊಡಬೇಕು. ಮಿತಿಗಿಂತ ಹೆಚ್ಚಿನ ವಸ್ತುವನ್ನು ಮನೆಯ ದುಡ್ಡಿನಲ್ಲಿ ತಂದು ಸೇರಿಸುವಂತಿಲ್ಲ, ಅಂಗಡಿಯ ಸಿದ್ಧ ಮಾದರಿಗೆ ಪ್ರವೇಶವಿಲ್ಲ ಎಂಬ ಎರಡು ಸಾಲುಗಳನ್ನು ಮೊದಲ ಸುತ್ತೋಲೆಯಲ್ಲೇ ಬರೆಯಬೇಕು. ಎಲ್ಲರನ್ನೂ ಒಂದೇ ನೆಲದ ಮೇಲೆ ನಿಲ್ಲಿಸುವುದು ಈ ಎರಡು ಸಾಲುಗಳೇ.

ಒಂದು ಮಾದರಿಯನ್ನು ಹಿಡಿದು ನೋಡೋಣ. ಸಿರಿಂಜುಗಳಿಂದ ಮಾಡುವ ಜೆಸಿಬಿ ಎಲ್ಲ ಪ್ರದರ್ಶನಗಳಲ್ಲೂ ಇರುತ್ತದೆ. ಪೇಟೆಯಲ್ಲಿ ಸಿದ್ಧವಾಗಿ ಸಿಗುವುದಕ್ಕೆ ಹಲವು ನೂರು ರೂಪಾಯಿ. ಮಕ್ಕಳೇ ಮಾಡಿದರೆ ಔಷಧಿ ಅಂಗಡಿಯಿಂದ ಹೊಸ ಸಿರಿಂಜು ನಾಲ್ಕು, ಸಪೂರ ಪ್ಲಾಸ್ಟಿಕ್ ನಳಿಕೆ ಎರಡು ಮೀಟರು, ಐಸ್‌ಕ್ರೀಮ್ ಕಡ್ಡಿ, ಗೋಂದು. ರಟ್ಟು ದಿನಸಿ ಅಂಗಡಿಯ ಖಾಲಿ ಡಬ್ಬಿಯಿಂದ. ₹150ರೊಳಗೆ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ಬಳಸಿ ಎಸೆದ ಸಿರಿಂಜನ್ನು ಮಾತ್ರ ಎಂದೂ ಮುಟ್ಟಬಾರದು.

ಇದೇ ದುಡ್ಡಿನಲ್ಲಿ ಇದನ್ನು ಆಟಿಕೆಯಿಂದ ಪ್ರಯೋಗಕ್ಕೆ ಏರಿಸಬಹುದು. ಎರಡೂ ತುದಿಗೆ ಒಂದೇ ಅಳತೆಯ ಸಿರಿಂಜಿನ ಬದಲು ಒಂದು ತುದಿಗೆ 5 ಮಿ.ಲೀ., ಇನ್ನೊಂದಕ್ಕೆ 20 ಮಿ.ಲೀ. ಹಾಕಿ ನೀರು ತುಂಬಿದರೆ, ಸಣ್ಣದರ ಮೇಲೆ ಇಟ್ಟ ಸ್ವಲ್ಪ ತೂಕ ದೊಡ್ಡದರ ಮೇಲಿನ ಹೆಚ್ಚು ತೂಕವನ್ನು ಎತ್ತುತ್ತದೆ. ದ್ರವದೊಳಗೆ ಒತ್ತಡ ಎಲ್ಲ ಕಡೆ ಒಂದೇ. ಪಿಸ್ಟನ್ನಿನ ಅಗಲ ಹೆಚ್ಚಿದ ಕಡೆ ಬಲವೂ ಹೆಚ್ಚು. ಪ್ರಯೋಗಾಲಯದ ತೂಕದ ಬಟ್ಟುಗಳನ್ನು ಇಟ್ಟು ಎಷ್ಟಕ್ಕೆ ಎಷ್ಟು ಏಳುತ್ತದೆ ಎಂದು ಮಕ್ಕಳು ಬರೆದಿಟ್ಟರೆ ಪಾಸ್ಕಲನ ನಿಯಮ ಅಲ್ಲಿಯೇ ಕಾಣುತ್ತದೆ. ಪಿಸ್ಟನ್ನಿನ ಉಜ್ಜಾಟದಿಂದ ಲೆಕ್ಕಕ್ಕಿಂತ ಕಡಿಮೆ ತೂಕ ಏಳುತ್ತದೆ. ಅದೂ ಕೇಳಬೇಕಾದ ಪ್ರಶ್ನೆಯೇ. ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ ಅನ್ನಿಸಿದರೆ ನಳಿಕೆಯಲ್ಲಿ ಗಾಳಿಯ ಗುಳ್ಳೆ ಸೇರಿದೆ ಎಂದರ್ಥ. ನೀರು ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಸಿರಿಂಜನ್ನು ನೀರಿನೊಳಗೆ ಮುಳುಗಿಸಿ ಹಿಡಿದು ಜೋಡಿಸಿದರೆ ಗುಳ್ಳೆ ಉಳಿಯುವುದಿಲ್ಲ.

ಹೀಗೆ ಪಟ್ಟಿ ಮಾಡಿದಾಗ ಈ ಶಾಲೆಯ 24 ಮಾದರಿಗಳು ಮೂರು ಗುಂಪಾದವು. ಹತ್ತಕ್ಕೆ ₹150ರ ಮಿತಿ, ಇನ್ನು ಹತ್ತಕ್ಕೆ ₹300, ನಾಲ್ಕು ದೊಡ್ಡವಕ್ಕೆ ₹800. ಒಟ್ಟು ₹7,700. ಎಲ್ಲರಿಗೂ ಬೇಕಾಗುವ ಡ್ರಾಯಿಂಗ್ ಶೀಟ್, ಗೋಂದು, ತಂತಿ, ಟೇಪು, ಎಲ್‌ಇಡಿ, ಸೆಲ್ಲುಗಳನ್ನು ಒಟ್ಟಾಗಿ ಕೊಂಡರೆ ₹3,300. ಅಲ್ಲಿಗೆ ಮಾದರಿಗಳ ಪಾಲು ₹11,000.

ಪಟ್ಟಿಯಿಂದ ತೆಗೆಯಬೇಕಾದವು ಎರಡು. ಒಂದು ಥರ್ಮಾಕೋಲ್. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿದೆ. ರಟ್ಟು, ಬಿದಿರು, ಜೇಡಿಮಣ್ಣು ಅದಕ್ಕಿಂತ ಅಗ್ಗ. ಇನ್ನೊಂದು, ಜ್ವಾಲಾಮುಖಿ ತೋರಿಸಲು ಸುಡುವ ಕಿತ್ತಳೆ ಬಣ್ಣದ ಅಮೋನಿಯಂ ಡೈಕ್ರೋಮೇಟ್. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ, ಪುಡಿ ಗಾಳಿಯಲ್ಲಿ ಹಾರಿ ಮಕ್ಕಳ ಮೂಗಿಗೆ ಹೋಗುತ್ತದೆ. ಅಡುಗೆ ಸೋಡಾ ಮತ್ತು ವಿನೆಗರ್ ಕೊಡುವ ನೊರೆಯೇ ಸಾಕು.

ಕರೆಂಟಿನ ಲೆಕ್ಕ

ಪ್ರದರ್ಶನದ ದಿನ ಕೈಕೊಡುವ ವಸ್ತುಗಳಲ್ಲಿ ಮೊದಲನೆಯದು ವಿದ್ಯುತ್ತು. ಕಾರಣ ಸಾಮಾನ್ಯವಾಗಿ ಊರಿನ ಕರೆಂಟು ಹೋಗುವುದಲ್ಲ, ಕೋಣೆಯ ಫ್ಯೂಸ್ ಹೋಗುವುದು. ತರಗತಿ ಕೋಣೆಗಳ ವೈರಿಂಗ್ ಮಾಡಿರುವುದು ಫ್ಯಾನು, ಟ್ಯೂಬ್‌ಲೈಟಿಗಾಗಿ. ಅಲ್ಲಿನ ಸಣ್ಣ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1,380 ವ್ಯಾಟ್. ನೀರು ಕಾಯಿಸುವ ಒಂದು ಎಲೆಕ್ಟ್ರಿಕ್ ಕೆಟಲ್ಲೇ ಸುಮಾರು 1,500 ವ್ಯಾಟ್. ಅದನ್ನು ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಿ, ಅದೇ ಬಾಕ್ಸಿಗೆ ಇನ್ನೂ ಮೂರು ಮಾದರಿ ಜೋಡಿಸಿದರೆ ಕೋಣೆ ಕತ್ತಲಾಗುವುದು ಖಂಡಿತ.

ಆದ್ದರಿಂದ ಪ್ರತಿ ಗುಂಪಿನ ಹಾಳೆಯಲ್ಲಿ ಎಷ್ಟು ವ್ಯಾಟ್ ಬೇಕು ಎಂಬ ಸಾಲೂ ಇರಬೇಕು. ವಸ್ತುವಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಅದು ಬರೆದಿರುತ್ತದೆ. ಮೀನಿನ ತೊಟ್ಟಿಯ ಪಂಪು ನಾಲ್ಕೈದು ವ್ಯಾಟ್, ಬೆಸುಗೆ ಹಾಕುವ ಕಬ್ಬಿಣ 25, ಪ್ರೊಜೆಕ್ಟರು ಸುಮಾರು 300. ಇವೆಲ್ಲ ಒಂದು ಕೋಣೆಯಲ್ಲಿ ಸುಖವಾಗಿರುತ್ತವೆ. ತೊಂದರೆ ಕೊಡುವುದು ಬಿಸಿ ಮಾಡುವ ಉಪಕರಣಗಳು ಮಾತ್ರ. ಅವುಗಳಿಗೆ ದೊಡ್ಡ 16 ಆಂಪಿಯರ್ ಸಾಕೆಟ್ಟಿರುವ ಕೋಣೆ ಬೇಕು, ಶಾಲೆಗಳಲ್ಲಿ ಅದು ಹೆಚ್ಚಾಗಿ ಕಂಪ್ಯೂಟರ್ ಕೋಣೆ ಅಥವಾ ಆಫೀಸು. ಬಿಸಿನೀರೇ ಬೇಕಾದರೆ ಬಿಸಿಯೂಟದ ಅಡುಗೆಮನೆಯಿಂದ ಫ್ಲಾಸ್ಕಿನಲ್ಲಿ ತಂದರೆ ಕರೆಂಟಿನ ಮಾತೇ ಇಲ್ಲ. ಹೀಗೆ ಜರಡಿ ಹಿಡಿದಾಗ ಈ ಶಾಲೆಯಲ್ಲಿ ಗೋಡೆಯ ಕರೆಂಟು ನಿಜಕ್ಕೂ ಬೇಕಾದವು ಏಳು ಮಾದರಿಗಳು ಮಾತ್ರ. ಅವನ್ನು ಎರಡು ಕೋಣೆಗಳಿಗೆ ಹಂಚಿದರೆ ಸಾಕು.

ಹಿಂದಿನ ದಿನ ಎಲ್ಲವನ್ನೂ ಒಟ್ಟಿಗೆ ಹದಿನೈದು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ಗು ಮತ್ತು ವೈರನ್ನು ಹೊರಗಿನಿಂದ ಕೈಯಲ್ಲಿ ಮುಟ್ಟಿ ನೋಡಬೇಕು. ವೈರು ಉದ್ದಕ್ಕೂ ಬಿಸಿಯಾಗಿದ್ದರೆ ಅದು ಆ ಹೊರೆಗೆ ತೀರ ತೆಳು. ಪ್ಲಗ್ಗಿನ ಹತ್ತಿರ ಮಾತ್ರ ಬಿಸಿಯಾಗಿದ್ದರೆ ಜೋಡಣೆ ಸಡಿಲ. ಉದ್ದದ ವೈರನ್ನು ಸುರುಳಿ ಸುತ್ತಿಟ್ಟು ಬಳಸಬಾರದು, ಸುತ್ತಿನೊಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಈ ಪರೀಕ್ಷೆಗೆ ಎಲೆಕ್ಟ್ರಿಶಿಯನ್ನರ ಅರ್ಧ ದಿನದ ಕೂಲಿಯನ್ನು ಬಜೆಟ್ಟಿನಲ್ಲೇ ಇಡಬೇಕು. ಒಳ್ಳೆಯ ಎಕ್ಸ್‌ಟೆನ್ಶನ್ ಬಾಕ್ಸುಗಳೂ ಸೇರಿ ₹2,600.

ಸೆಲ್ಲಿನ ಕಥೆ ಬೇರೆ. ಗಾಳಿಯಂತ್ರ, ಫ್ಯಾನು ತಿರುಗಿಸಲು ಮಕ್ಕಳು ಚೌಕದ 9 ವೋಲ್ಟ್ ಬ್ಯಾಟರಿ ಕೊಳ್ಳುತ್ತಾರೆ. ಅದರಲ್ಲಿ ವೋಲ್ಟೇಜು ಹೆಚ್ಚು, ಸಂಗ್ರಹ ಕಡಿಮೆ. ಆಟಿಕೆಯ ಮೋಟಾರು ಬಿಡದೆ ತಿರುಗಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಅದು ಮುಗಿದಿರುತ್ತದೆ. ಮೋಟಾರು ನಿಧಾನವಾಗುವುದು, ಎಲ್‌ಇಡಿ ಮಂಕಾಗುವುದು ಅದರ ಸೂಚನೆ. ಎರಡು ಪೆನ್ ಸೆಲ್ಲುಗಳ ಮೂರು ವೋಲ್ಟಿನಲ್ಲಿ ಆ ಮೋಟಾರು ಚೆನ್ನಾಗಿಯೇ ತಿರುಗುತ್ತದೆ, ಹೆಚ್ಚು ಹೊತ್ತು ಬರುತ್ತದೆ. ಅದಕ್ಕಿಂತ ದೊಡ್ಡ ಉಳಿತಾಯ ಸ್ವಿಚ್ಚಿನದು. ಹಾಕಿದರೆ ಹಾಗೇ ಉಳಿಯುವ ಸ್ವಿಚ್ಚಿನ ಬದಲು ಕಾಲಿಂಗ್ ಬೆಲ್ಲಿನದರಂತೆ ಒತ್ತಿ ಹಿಡಿದಾಗ ಮಾತ್ರ ಕೆಲಸ ಮಾಡುವ ಪುಶ್ ಬಟನ್ ಹಾಕಿದರೆ, ಪ್ರತಿ ಗುಂಪಿಗೆ ಇಪ್ಪತ್ತು ಸೆಕೆಂಡಿನಂತೆ 75 ಗುಂಪಿಗೂ ಸೇರಿ ಮೋಟಾರು ಓಡುವುದು 25 ನಿಮಿಷ ಮಾತ್ರ. ಕೆಲವೇ ರೂಪಾಯಿಯ ಬಟನ್ನು ದಿನವಿಡೀ ಮಾದರಿಯನ್ನು ಉಳಿಸುತ್ತದೆ.

ಇಡೀ ಲೆಕ್ಕ ಒಂದು ಕಡೆ

ಈಗ ಬಜೆಟ್ ಹೀಗೆ ನಿಲ್ಲುತ್ತದೆ:

- ಮಾದರಿಗಳು ಮತ್ತು ಸಾಮಾನ್ಯ ಸಾಮಗ್ರಿ: ₹11,000
- ವಿದ್ಯುತ್ ಸಲಕರಣೆ, ಎಲೆಕ್ಟ್ರಿಶಿಯನ್ ಕೂಲಿ: ₹2,600
- ಸುರಕ್ಷತೆ (ಕನ್ನಡಕ, ಪ್ರಥಮ ಚಿಕಿತ್ಸೆ, ಮರಳಿನ ಬಕೆಟ್ಟು): ₹1,400
- ಕುಡಿಯುವ ನೀರು, ಚಹಾ, ಬಿಸ್ಕತ್ತು: ₹1,500
- ಪ್ರಮಾಣಪತ್ರ ಮತ್ತು ಪುಸ್ತಕ ಬಹುಮಾನ: ₹1,500
- ಸಣ್ಣ ಶಾಮಿಯಾನ: ₹1,400
- ಬಟ್ಟೆಯ ಬ್ಯಾನರ್, ಆಹ್ವಾನ, ದಾರಿಫಲಕ: ₹1,200
- ಸಾಗಾಟ: ₹1,000
- ಮೀಸಲು: ₹2,400

ಒಟ್ಟು ₹24,000. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಮಾದರಿಗಳಿಗೆ. ಮಕ್ಕಳ ಮಧ್ಯಾಹ್ನದ ಊಟ ಎಂದಿನ ಬಿಸಿಯೂಟವೇ. ಬಹುಮಾನದ ಸಾಲು ಸಣ್ಣದು ಅನ್ನಿಸಬಹುದು. 72 ಮಕ್ಕಳಿಗೂ ಪ್ರಮಾಣಪತ್ರ, ಆರು ಮಂದಿಗೆ ಪುಸ್ತಕ ಅದರಲ್ಲಿ ಬರುತ್ತವೆ. ಹೊಳೆಯುವ ಕಪ್ಪಿಗೆ ಹೋಗುತ್ತಿದ್ದ ದುಡ್ಡು ಮೋಟಾರು, ತಂತಿಗೆ ಹೋಗಿದೆ. ಮೀಸಲು ಹತ್ತರಲ್ಲಿ ಒಂದು ಪಾಲು. ಅದನ್ನು ಮುಖ್ಯ ಶಿಕ್ಷಕರ ಸಹಿಯಿಲ್ಲದೆ ಮುಟ್ಟುವಂತಿಲ್ಲ, ಅಲಂಕಾರಕ್ಕೆ ಬಳಸುವಂತಿಲ್ಲ. ಒಡೆದ ಬೀಕರು, ಸುಟ್ಟ ಅಡಾಪ್ಟರು, ಕೊನೆ ಗಳಿಗೆಯ ಆಟೋ ಬಾಡಿಗೆಗೆ ಅದು.

ದುಡ್ಡು ಎಲ್ಲಿಂದ

ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಮಕ್ಕಳ ಸಂಖ್ಯೆಯ ಮೇಲೆ ಸಂಯುಕ್ತ ಶಾಲಾ ಅನುದಾನ ನಿಗದಿಯಾಗಿದೆ. 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ ₹50,000. ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಕೆಟ್ಟ ಉಪಕರಣ ಬದಲಿಸುವುದು, ಪ್ರಯೋಗಾಲಯ ಮತ್ತು ಬಳಕೆ ಸಾಮಗ್ರಿ, ಕಲಿಕೋಪಕರಣ, ವಿದ್ಯುತ್ ಬಿಲ್ಲು ಇಂಥವುಗಳಿಗೆ ಅದನ್ನು ಬಳಸಬಹುದು. ಹಾಗೆಂದು ಇಡೀ ಪ್ರದರ್ಶನವನ್ನು ಅದರ ಮೇಲೆ ಹೇರಿದರೆ ವರ್ಷದ ಉಳಿದ ಖರ್ಚಿಗೆ ಕೈ ಬರಿದಾಗುತ್ತದೆ. ಶಾಮಿಯಾನ, ಚಹಾ, ಬಹುಮಾನವನ್ನು ಅದರಲ್ಲಿ ತೋರಿಸಿದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರುವ ಸಾಧ್ಯತೆಯೂ ಇದೆ. ಆದ್ದರಿಂದ ಪ್ರಯೋಗಾಲಯಕ್ಕೆ ಉಳಿಯುವ ಸಾಮಗ್ರಿ, ವಿದ್ಯುತ್ ಸಲಕರಣೆಗಳನ್ನು ಮಾತ್ರ ಅಲ್ಲಿಂದ ಕೊಳ್ಳಬೇಕು. ಈ ಶಾಲೆಯಲ್ಲಿ ಅದು ₹9,000. ಹಳೆಯ ವಿದ್ಯಾರ್ಥಿಗಳಿಂದ ₹9,000, ಊರಿನ ದಾನಿಗಳಿಂದ ₹6,000. ಮಕ್ಕಳಿಂದ ಒಂದು ರೂಪಾಯಿಯೂ ಇಲ್ಲ.

ದಾನಿಗಳ ಹತ್ತಿರ ಹೋಗುವಾಗ ಮೊತ್ತ ಕೇಳುವುದಕ್ಕಿಂತ ಪಟ್ಟಿಯನ್ನು ತೋರಿಸುವುದು ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯವರು ಪೈಪಿನ ತುಂಡು ಕೊಟ್ಟಾರು, ಶಾಮಿಯಾನದವರು ಬಾಡಿಗೆ ಬಿಟ್ಟಾರು. ವಸ್ತು ಕೊಟ್ಟವರಿಗೂ ರಸೀದಿ ಹೋಗಬೇಕು, ಎಷ್ಟು ಬೆಲೆಯದು ಎಂದು ಲೆಕ್ಕದಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಲೆಕ್ಕ ನೋಡಿದವರಿಗೆ ಶಾಮಿಯಾನ ಬಿಟ್ಟಿ ಸಿಗುತ್ತದೆ ಅನ್ನಿಸಿ ಅಂದಾಜು ತಪ್ಪುತ್ತದೆ. ಇನ್‌ಸ್ಪೈರ್ ಅವಾರ್ಡ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿನ ಖಾತೆಗೆ ಬರುವ ₹10,000 ಆ ಮಗುವಿನ ಮಾದರಿಗೆ ಮೀಸಲಾದ ದುಡ್ಡು. ಅದನ್ನು ಶಾಲೆಯ ಪ್ರದರ್ಶನದ ಖರ್ಚಿಗೆ ಸೇರಿಸಬಾರದು.

ಖರೀದಿ ಒಬ್ಬರ ಕೈಯಲ್ಲಿರಲಿ. ಅವರಿಗೆ ಒಮ್ಮೆಗೆ ₹3,000 ಮುಂಗಡ. ಅದರ ಬಿಲ್ಲುಗಳು ಬಂದ ಮೇಲೆ ಮುಂದಿನ ಮುಂಗಡ. ಆಟೋದವರಂತೆ ಬಿಲ್ಲು ಕೊಡದವರಿಗೆ ವೋಚರು ಬರೆದು ಸಹಿ ಪಡೆದರೆ ಸಾಕು. ಶಿಕ್ಷಕರು ಕೈಯಿಂದ ಹಾಕಿ ಆಮೇಲೆ ಕೇಳಲು ಸಂಕೋಚಪಡುವುದು ಎಷ್ಟೋ ಶಾಲೆಗಳಲ್ಲಿ ನಡೆಯುತ್ತದೆ. ಅದೂ ಬರೆಯದ ಲೆಕ್ಕವೇ.

ದಿನ, ಮತ್ತು ಮರುದಿನ

ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು 1928ರಲ್ಲಿ ಪ್ರಕಟಿಸಿದ ನೆನಪಿಗೆ 1987ರಿಂದ ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಪ್ರದರ್ಶನವನ್ನು ಆ ದಿನಕ್ಕೇ ಇಡುವ ಆಸೆ ಒಳ್ಳೆಯದೇ. ಆದರೆ ಅದು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹೊಸ್ತಿಲು. ಹತ್ತನೇ ತರಗತಿಯ ಮಕ್ಕಳೂ ಅವರ ಶಿಕ್ಷಕರೂ ಸಿಗುವುದಿಲ್ಲ. ದುಡ್ಡಿಗಿಂತ ದುಬಾರಿಯಾದ ಸಂಪನ್ಮೂಲ ಶಿಕ್ಷಕರ ಸಮಯ. ಡಿಸೆಂಬರಿನಲ್ಲಿ ಇಟ್ಟುಕೊಂಡರೆ ಆರು ವಾರಗಳ ತಯಾರಿಗೆ ನವೆಂಬರ್ ಸಿಗುತ್ತದೆ. ಮೊದಲ ಎರಡು ವಾರ ಮಾದರಿಯ ಆಯ್ಕೆ ಮತ್ತು ಹಾಳೆ ತುಂಬುವುದು, ಮೂರನೆಯದರಲ್ಲಿ ಒಂದೇ ಸಲ ಖರೀದಿ, ಆಮೇಲೆ ಕೆಲಸ. ಪ್ರದರ್ಶನಕ್ಕೆ ಒಂದು ವಾರ ಮೊದಲು ಕೆಲಸ ಮಾಡದ ಮಾದರಿಯನ್ನು ಸರಳಗೊಳಿಸಬೇಕು, ಹೊಸ ವಸ್ತು ತರಿಸಬಾರದು.

ಪ್ರದರ್ಶನ ಮುಗಿದ ಮರುದಿನವೂ ಯೋಜನೆಯ ಭಾಗ. ಹೆಚ್ಚಿನ ಮಾದರಿಗಳು ಬೀರುವಿನ ಮೇಲೆ ಧೂಳು ಹಿಡಿದು, ವರ್ಷದ ಕೊನೆಗೆ ಕಸವಾಗುತ್ತವೆ. ಹಾಳೆಯ ನಾಲ್ಕನೇ ಕಾಲಂ ಇರುವುದು ಇದಕ್ಕೇ. ಎರವಲು ವಸ್ತು ಅಂದೇ ವಾಪಸ್. ಸೆಲ್ಲುಗಳನ್ನು ಮೊದಲು ಬಿಚ್ಚಬೇಕು, ಇಲ್ಲದಿದ್ದರೆ ಸೋರಿ ತಂತಿ, ಸ್ವಿಚ್ಚುಗಳನ್ನು ತಿನ್ನುತ್ತವೆ. ಪಾಠಕ್ಕೆ ನಿಜವಾಗಿ ಬಳಸುವ ಐದಾರು ಮಾದರಿಗಳನ್ನು ಇಟ್ಟುಕೊಂಡು ಉಳಿದವನ್ನು ಮಕ್ಕಳ ಕೈಯಲ್ಲೇ ಬಿಡಿಸಿ, ಮೋಟಾರು, ಎಲ್‌ಇಡಿ, ಸ್ವಿಚ್ಚು, ನಳಿಕೆಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು.

ಹಾಗೆ ಮಾಡಿದರೆ ಮುಂದಿನ ವರ್ಷದ ಬಜೆಟ್ಟಿನಲ್ಲಿ ಎಕ್ಸ್‌ಟೆನ್ಶನ್ ಬಾಕ್ಸುಗಳ ಸಾಲೇ ಇರುವುದಿಲ್ಲ, ಎಲೆಕ್ಟ್ರಿಶಿಯನ್ನರ ಕೂಲಿ ಮಾತ್ರ ಉಳಿಯುತ್ತದೆ. ಸಾಮಾನ್ಯ ಸಾಮಗ್ರಿಯ ₹3,300ರಲ್ಲಿ ದೊಡ್ಡ ಪಾಲು ಡಬ್ಬಿಗಳಿಂದಲೇ ಬರುತ್ತದೆ, ಬಟ್ಟೆಯ ಬ್ಯಾನರಿಗೆ ಹೊಸ ದಿನಾಂಕ ಹೊಲಿದರೆ ಸಾಕು. ಹೀಗೆ ಮಿಕ್ಕ ದುಡ್ಡಿನಲ್ಲಿ ₹800ರ ಮಿತಿಯ ಮಾದರಿಗಳನ್ನು ನಾಲ್ಕರಿಂದ ಏಳೆಂಟಕ್ಕೆ ಏರಿಸಬಹುದು. ಅವು ಯಾರಿಗೆ ಸಿಗಬೇಕು ಎಂಬುದನ್ನು ಆಗ ನಿರ್ಧರಿಸುವುದು ಮಕ್ಕಳು ತುಂಬಿ ಕೊಟ್ಟ ಹಾಳೆ, ಅವರ ಮನೆಯ ಜೇಬಲ್ಲ.